ಹೆಡ್‌ಶಾಟ್‌ನಿಂದ ಐಡಿ ದಾರ, ಕಾಲರ್ ಮೈಕ್ ತೆಗೆಯುವುದು: ಎಲ್ಲಿ ಹೀಲಿಂಗ್, ಎಲ್ಲಿ ಕ್ಲೋನ್, ಎಲ್ಲಿ ತೇಪೆ

ಮುಖ ಚೆನ್ನಾಗಿ ಬಂದ ಫೋಟೋದಲ್ಲೇ ಕೊರಳಿಗೆ ಐಡಿ ಕಾರ್ಡಿನ ದಾರ ಜೋತುಬಿದ್ದಿರುತ್ತದೆ, ಇಲ್ಲವೇ ಕೋಟಿನ ಅಂಚಿಗೆ ಕಾಲರ್ ಮೈಕಿನ ಕ್ಲಿಪ್ಪು ಕಚ್ಚಿಕೊಂಡಿರುತ್ತದೆ. ಅಳಿಸುವುದಕ್ಕೆ ಐದು ನಿಮಿಷ ಸಾಕು. ಆದರೆ ಅಳಿಸಿದ ಜಾಗದಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ ಒಂದು ಮಸುಕು ಪಟ್ಟಿ ಉಳಿದುಬಿಡುತ್ತದೆ. ನೋಡಿದವರಿಗೆ ಅಲ್ಲೇನಿತ್ತು ಅಂತ ಗೊತ್ತಾಗದಿದ್ದರೂ ಏನೋ ತೆಗೆದಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಈ ಮಸುಕು ಬರುವುದು ಕೈ ಸರಿಯಿಲ್ಲದ್ದರಿಂದಲ್ಲ, ಹೆಚ್ಚಿನ ಸಲ ಒಂದೇ ಟೂಲನ್ನು ದಾರದ ಉದ್ದಕ್ಕೂ ಎಳೆದದ್ದರಿಂದ. ಒಂದು ದಾರ ಕತ್ತಿನ ಚರ್ಮ, ಕಾಲರಿನ ಅಂಚು, ಅಂಗಿಯ ಬಟ್ಟೆ, ಕೋಟಿನ ಲ್ಯಾಪೆಲ್ ಹೀಗೆ ನಾಲ್ಕು ಬೇರೆ ಬೇರೆ ಜಾಗಗಳನ್ನು ದಾಟಿ ಬರುತ್ತದೆ. ಚರ್ಮಕ್ಕೆ ಒಗ್ಗುವ ಟೂಲ್ ಕಾಲರಿನ ಅಂಚಿಗೆ ಒಗ್ಗುವುದಿಲ್ಲ. ಹಾಗಾಗಿ ಟೂಲನ್ನು ಆರಿಸಬೇಕಾದ್ದು ತೆಗೆಯುವ ವಸ್ತು ನೋಡಿ ಅಲ್ಲ, ಅದರ ಕೆಳಗೆ ಏನಿದೆ ಎಂದು ನೋಡಿ. ಇಲ್ಲಿ ಹೇಳಿರುವ ಹೆಸರುಗಳು ಫೋಟೋಶಾಪಿನವು. ಗಿಂಪ್‌ನಲ್ಲೂ ಕ್ಲೋನ್, ಹೀಲ್ ಎರಡೂ ಇವೆ. ಅಲ್ಲಿ ಮೂಲ ಗುರುತಿಸಲು Alt ಬದಲು Ctrl ಒತ್ತಬೇಕು ಅಷ್ಟೆ.

ಟೂಲ್ ಹಿಡಿಯುವ ಮುಂಚೆ

ಮೊದಲು ಕ್ರಾಪ್ ಮಾಡಿ ನೋಡಿ. ಕಾಲರ್ ಮೈಕು ಸಾಮಾನ್ಯವಾಗಿ ಎದೆಯ ಮಟ್ಟದಲ್ಲಿರುತ್ತದೆ. ಚೌಕ ಪ್ರೊಫೈಲ್ ಚಿತ್ರಕ್ಕೆ ಕತ್ತರಿಸಿದಾಗ ಅದು ಎಷ್ಟೋ ಸಲ ತಾನಾಗಿಯೇ ಹೊರಗೆ ಬೀಳುತ್ತದೆ. ದಾರಕ್ಕೆ ಈ ಉಪಾಯ ನಡೆಯದು. ಕಾರ್ಡು ಕತ್ತರಿಸಿ ಹೋದರೂ ಕತ್ತಿನ ಎರಡೂ ಬದಿಯ ಎಳೆ ಉಳಿಯುತ್ತದೆ, ಕಾರ್ಡಿಲ್ಲದ ದಾರ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಎರಡನೆಯದು, ಅದೇ ಸಲ ತೆಗೆದ ಬೇರೆ ಫ್ರೇಮು. ದಾರ ಸ್ವಲ್ಪ ಪಕ್ಕಕ್ಕೆ ಸರಿದಿರುವ ಒಂದು ಫೋಟೋ ಸಿಕ್ಕರೂ ಸಾಕು: ಒಂದರಲ್ಲಿ ಮುಚ್ಚಿಹೋದ ಕಾಲರಿನ ಅಂಚು ಇನ್ನೊಂದರಲ್ಲಿ ಬಯಲಾಗಿರುತ್ತದೆ. ಅದನ್ನು ಮೇಲಿನ ಲೇಯರ್ ಆಗಿ ತಂದು, ಅಂಚಿಗೆ ಅಂಚು ಕೂಡಿಸಿ, ಬೇಕಾದಷ್ಟನ್ನು ಮಾತ್ರ ಮಾಸ್ಕಿನಲ್ಲಿ ತೆರೆದರೆ ಅದು ನಿಜವಾದ ಬಟ್ಟೆ, ನಿಜವಾದ ಹೊಲಿಗೆ. ಯಾವ ಬ್ರಷ್ಷೂ ಇದಕ್ಕೆ ಸಾಟಿಯಲ್ಲ. ಫೋಟೋ ಕಳಿಸಿದವರನ್ನು ಬೇರೆ ಫ್ರೇಮು ಇದೆಯಾ ಎಂದು ಕೇಳದೆ ಕೆಲಸ ಶುರುಮಾಡುವುದು ದಡ್ಡತನ.

ಎಡಬದಿಯನ್ನು ಕನ್ನಡಿಯಂತೆ ತಿರುಗಿಸಿ ಬಲಬದಿಗೆ ಅಂಟಿಸುವ ಉಪಾಯವೂ ಒಂದಿದೆ. ಬೆಳಕು ನೇರ ಮುಂದಿನಿಂದ ಬಿದ್ದಿದ್ದರೆ ಕಾಲರಿನ ತುದಿಗೆ ಮಾತ್ರ ಅದು ನಡೆಯುತ್ತದೆ. ಬೆಳಕು ಪಕ್ಕದಿಂದ ಬಂದಿದ್ದರೆ ತಿರುಗಿಸಿದ ತುಂಡಿನ ನೆರಳು ಉಲ್ಟಾ ಬೀಳುತ್ತದೆ. ಕೋಟಿನ ಲ್ಯಾಪೆಲ್ಲಿಗಂತೂ ಬೇಡವೇ ಬೇಡ: ಕಾಜ ಸಾಮಾನ್ಯವಾಗಿ ಒಂದೇ ಬದಿಯಲ್ಲಿರುತ್ತದೆ, ತಿರುಗಿಸಿದರೆ ಎರಡೂ ಬದಿಯಲ್ಲಿ ಕಾಜ ಬಂದು ಕೂರುತ್ತದೆ.

ಮೂರು ದಾರಿ, ಮೂರು ಸ್ವಭಾವ

ಹೀಲಿಂಗ್ ಬ್ರಷ್ 2002ರಲ್ಲಿ ಫೋಟೋಶಾಪ್ 7ರ ಜೊತೆ ಬಂದದ್ದು. ಅದು ಮಾಡುವುದು ಇಷ್ಟು: ನೀವು Alt ಒತ್ತಿ ಗುರುತಿಸಿದ ಜಾಗದಿಂದ ನೇಯ್ಗೆಯನ್ನು, ಅಂದರೆ ಮೇಲ್ಮೈಯ ಕಾಳನ್ನು, ತೆಗೆದುಕೊಳ್ಳುತ್ತದೆ, ಬಣ್ಣ ಮತ್ತು ಬೆಳಕನ್ನು ಮಾತ್ರ ಬ್ರಷ್ ಎಳೆದ ಜಾಗದ ಸುತ್ತಲಿನ ಅಂಚಿನಿಂದ ಒಳಕ್ಕೆ ಹರಿಸುತ್ತದೆ. ಸುತ್ತ ಒಂದೇ ಬಗೆಯ ಚರ್ಮವಿರುವ ಮೊಡವೆಗೆ ಇದು ಹೇಳಿಮಾಡಿಸಿದ್ದು. ಅದೇ ಬ್ರಷ್ಷನ್ನು ಬಿಳಿ ಕಾಲರು ಮತ್ತು ಕಪ್ಪು ಕೋಟು ಸೇರುವ ಕಡೆ ಎಳೆದರೆ ಸುತ್ತಲಿನ ಅಂಚಿನಲ್ಲಿ ಬಿಳಿಯೂ ಇದೆ, ಕಪ್ಪೂ ಇದೆ; ಎರಡೂ ಒಳಕ್ಕೆ ಹರಿದು ನಡುವೆ ಬೂದು ಮೋಡ ಕಟ್ಟುತ್ತದೆ. ನಾವು ನೋಡುವ ಮಸುಕುಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲಿಯೇ. ದಾರ ಪೂರ್ತಿ ಹೋಗುವ ಮುಂಚೆ ಬ್ರಷ್ ದಾರದ ಉಳಿದ ತುಂಡಿಗೆ ತಾಗಿದರೂ ಅಷ್ಟೇ: ಕೆಂಪು ದಾರವಾದರೆ ಅಂಗಿಯೊಳಕ್ಕೆ ಗುಲಾಬಿ ಬಣ್ಣ ಸೋರುತ್ತದೆ.

ಕ್ಲೋನ್ ಸ್ಟ್ಯಾಂಪಿಗೆ ಈ ಜಾಣತನ ಇಲ್ಲ, ಅದೇ ಅದರ ಗುಣ. ಇದ್ದದ್ದನ್ನು ಇದ್ದ ಹಾಗೆ ಎತ್ತಿ ಇಡುತ್ತದೆ, ಸುತ್ತ ಏನಿದೆ ಎಂದು ನೋಡುವುದಿಲ್ಲ, ಆದ್ದರಿಂದ ಏನೂ ಸೋರುವುದಿಲ್ಲ. ಅಂಚುಗಳಿಗೆ ಇದೇ ಬೇಕು. ಇದರ ತೊಂದರೆ ಬೇರೆ: ತಂದ ತುಂಡಿನ ಬೆಳಕು ಹೊಸ ಜಾಗದ ಬೆಳಕಿಗೆ ಹೊಂದದಿದ್ದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ಅದನ್ನು ಮುಚ್ಚಲು ಜನ ಬ್ರಷ್ಷನ್ನು ಪೂರ್ತಿ ಮೆತ್ತಗೆ ಮಾಡಿ, ಒಪಾಸಿಟಿ ಶೇ. 40ಕ್ಕೆ ಇಳಿಸಿ ನಾಲ್ಕಾರು ಸಲ ಸವರುತ್ತಾರೆ. ಇದು ಮಸುಕಿನ ಎರಡನೆಯ ಮೂಲ. ಎರಡು ಬೇರೆ ಜಾಗದ ಕಾಳನ್ನು ಅರ್ಧರ್ಧ ಬೆರೆಸಿದರೆ ಕಾಳಿನ ಏರಿಳಿತ ಸುಮಾರು ಶೇ. 70ಕ್ಕೆ ಕುಸಿಯುತ್ತದೆ, ಮತ್ತೆ ಮತ್ತೆ ಬೆರೆಸಿದರೆ ಬಟ್ಟೆಯ ನೇಯ್ಗೆ ಹೋಗಿ ಮೇಣದಂತಾಗುತ್ತದೆ. ಕ್ಲೋನ್ ಮಾಡುವಾಗ ಒಪಾಸಿಟಿ 100, ಹಾರ್ಡ್‌ನೆಸ್ 70ರಿಂದ 80 ಇರಲಿ. ಬೆಳಕು ಹೊಂದದಿದ್ದರೆ ಆಮೇಲೆ ಬೇರೆ ಲೇಯರಿನಲ್ಲಿ ಸರಿಮಾಡಿಕೊಳ್ಳಬಹುದು, ಕಳೆದುಹೋದ ನೇಯ್ಗೆಯನ್ನು ಮರಳಿ ತರಲು ಆಗುವುದಿಲ್ಲ.

ಮೂರನೆಯದು ಜಾಗ ಗುರುತಿಸಿ ತುಂಬಿಸುವ ದಾರಿ: ಪ್ಯಾಚ್ ಟೂಲ್, ಮತ್ತು Edit ಪಟ್ಟಿಯಲ್ಲಿರುವ Content-Aware Fill. ಅಗಲವಾದ, ಸಮನಾದ ಬಟ್ಟೆಗೆ ಇವು ಬ್ರಷ್ಷಿಗಿಂತ ವಾಸಿ, ಏಕೆಂದರೆ ಒಂದೇ ಏಟಿಗೆ ತುಂಬುವುದರಿಂದ ಮೇಲಿಂದ ಮೇಲೆ ಸವರಿದ ಗುರುತು ಇರುವುದಿಲ್ಲ. Content-Aware Fill ಕಿಟಕಿ ತೆರೆದಾಗ ಫೋಟೋದ ಮೇಲೆ ಹಸಿರು ಹೊದಿಕೆ ಬರುತ್ತದೆ; ಯಾವ ಭಾಗದಿಂದ ಬಟ್ಟೆ ತರಬಹುದು ಎಂಬುದರ ಗುರುತು ಅದು. ಅದನ್ನು ಹಾಗೇ ಬಿಟ್ಟರೆ ಕೋಟಿನ ಮೇಲೆ ಗುಂಡಿಯ ಚೂರೋ ಗದ್ದದ ಚರ್ಮವೋ ಬಂದು ಕೂರುತ್ತದೆ. ಬ್ರಷ್ಷಿನಿಂದ ಆ ಹಸಿರನ್ನು ಅಳಿಸುತ್ತಾ ಬಂದು ಕೋಟಿನ ಅದೇ ಬಟ್ಟೆ, ಅದೇ ಬೆಳಕಿರುವ ಜಾಗವನ್ನು ಮಾತ್ರ ಉಳಿಸಬೇಕು. Output To ಎಂಬಲ್ಲಿ New Layer ಆರಿಸಿಕೊಳ್ಳಿ. ಅಂಚು ದಾಟುವ ಕಡೆ ಇದೂ ಕೈಕೊಡುತ್ತದೆ: ಲ್ಯಾಪೆಲ್ಲಿನ ಗೆರೆ ತುಂಡಾಗಿ, ಮೂರು ನಾಲ್ಕು ಪಿಕ್ಸೆಲ್ ಪಕ್ಕಕ್ಕೆ ಜಾರಿ ಮತ್ತೆ ಶುರುವಾಗುತ್ತದೆ.

ಹಾಗಾದರೆ ಹಂಚಿಕೆ ಹೀಗೆ: ಎರಡು ಬೇರೆ ವಸ್ತುಗಳು ಕೂಡುವ ಗೆರೆ ಎಲ್ಲಿದೆಯೋ ಅಲ್ಲಿ ಕ್ಲೋನ್. ಗೆರೆ ಇಲ್ಲದ ಸಣ್ಣ ಜಾಗ, ಚರ್ಮ ಮತ್ತು ತೆಳು ನೆರಳಿರುವ ಬಟ್ಟೆಗೆ ಹೀಲಿಂಗ್. ಗೆರೆ ಇಲ್ಲದ ದೊಡ್ಡ ಜಾಗಕ್ಕೆ ತುಂಬಿಸುವ ದಾರಿ. ಈ ಮೂರರ ಕ್ರಮವೂ ಮುಖ್ಯ: ಮೊದಲು ಅಂಚು, ಆಮೇಲೆ ನಡುವಿನ ಜಾಗ, ಕೊನೆಗೆ ಬೆಳಕು ಮತ್ತು ಬಣ್ಣ.

ಒಂದು ಫೋಟೋ ಹಿಡಿದು ನೋಡೋಣ

4000 × 6000 ಪಿಕ್ಸೆಲಿನ ನಿಂತ ಚಿತ್ರ. ಬೂದು ಕೋಟು, ತಿಳಿನೀಲಿ ಅಂಗಿ, ಟೈ ಇಲ್ಲ, ಮೇಲಿನ ಗುಂಡಿ ತೆರೆದಿದೆ. ಬೆಳಕು ನಮ್ಮ ಎಡಗಡೆಯಿಂದ. ಕೆಂಪು ದಾರ ಕತ್ತಿನ ಹಿಂದಿನಿಂದ ಬಂದು, ಚರ್ಮಕ್ಕೆ ಸ್ವಲ್ಪ ತಾಗಿ, ಕಾಲರಿನ ಮೇಲೆ ಹಾದು, ಅಂಗಿಯ ಮೇಲಿಳಿದು, ಲ್ಯಾಪೆಲ್ಲಿನ ಅಂಚನ್ನು ದಾಟಿ ಕೋಟಿನ ಮೇಲೆ ಸಾಗುತ್ತದೆ. ಭುಜದಿಂದ ಭುಜಕ್ಕೆ ಸುಮಾರು 3200 ಪಿಕ್ಸೆಲ್, 45 ಸೆಂ.ಮೀ. ಎಂದು ಹಿಡಿದರೆ ಒಂದು ಸೆಂಟಿಮೀಟರಿಗೆ 70 ಪಿಕ್ಸೆಲ್. 15 ಮಿ.ಮೀ. ದಾರ ಎಂದರೆ 105 ಪಿಕ್ಸೆಲ್ ಅಗಲ. ಬೆಳಕಿನ ಎದುರು ಬದಿಯಲ್ಲಿ, ಅಂದರೆ ನಮ್ಮ ಬಲಕ್ಕೆ, 25–30 ಪಿಕ್ಸೆಲ್ ನೆರಳು. ತೆಗೆಯಬೇಕಾದ ಪಟ್ಟಿ 105 ಅಲ್ಲ, 140 ಎಂದಾಯಿತು. ದಾರದ ಅಗಲಕ್ಕೆ ಮಾತ್ರ ಕೆಲಸ ಮಾಡಿ ನೆರಳು ಬಿಟ್ಟವರ ಫೋಟೋದಲ್ಲಿ ಅಂಗಿಯ ಮೇಲೆ ಉದ್ದಕ್ಕೂ ಕೊಳೆ ಹಿಡಿದ ಹಾಗೆ ಒಂದು ಗೆರೆ ನಿಲ್ಲುತ್ತದೆ. ಅದು ಟೂಲಿನ ಮಸುಕಲ್ಲ, ಯಜಮಾನ ಹೋದರೂ ಉಳಿದ ನೆರಳು.

ಮೂಲ ಫೋಟೋವನ್ನು ಮುಟ್ಟದೆ ಅದರ ಮೇಲೆ ಮೂರು ಖಾಲಿ ಲೇಯರ್ ಮಾಡಿ: ಕೆಳಗಿನದಕ್ಕೆ ಅಂಚು, ನಡುವಿನದಕ್ಕೆ ಬಟ್ಟೆ, ಮೇಲಿನದಕ್ಕೆ ಬಣ್ಣ ಎಂದು ಹೆಸರಿಡಿ. ಕ್ಲೋನ್ ಮತ್ತು ಹೀಲಿಂಗ್ ಎರಡರಲ್ಲೂ Sample ಎಂಬಲ್ಲಿ Current & Below ಇರಲಿ. ಪ್ಯಾಚ್ ಟೂಲನ್ನು ಖಾಲಿ ಲೇಯರಿನಲ್ಲಿ ಬಳಸುವುದಾದರೆ ಅದರ ಪಟ್ಟಿಯಲ್ಲಿ Content-Aware ಆರಿಸಿ Sample All Layers ಗುರುತು ಹಾಕಬೇಕು, ಇಲ್ಲವಾದರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ.

ಮೊದಲು ಕಾಲರು. ದಾರ ಕಾಲರಿನ ಎಲೆಯನ್ನು ಎರಡು ಕಡೆ ಕತ್ತರಿಸುತ್ತದೆ: ಮೇಲೆ ಕತ್ತಿನ ಹತ್ತಿರದ ಮಡಿಕೆಯಲ್ಲಿ, ಕೆಳಗೆ ಹೊರ ಅಂಚಿನಲ್ಲಿ. ಕೆಳಗಿನ ಅಂಚು ಹಿಡಿಯೋಣ. ಕ್ಲೋನ್ ಸ್ಟ್ಯಾಂಪ್, 60 ಪಿಕ್ಸೆಲ್, ಹಾರ್ಡ್‌ನೆಸ್ 80, Aligned ಗುರುತು ಹಾಕಿರಲಿ. ದಾರದಿಂದ 150 ಪಿಕ್ಸೆಲ್ ದೂರದಲ್ಲಿ ಕಾಲರಿನ ಅಂಚು ಚೊಕ್ಕವಾಗಿ ಕಾಣುವ ಕಡೆ, ಸರಿಯಾಗಿ ಅಂಚಿನ ಗೆರೆಯ ಮೇಲೆಯೇ Alt ಒತ್ತಿ ಗುರುತಿಸಿ. ಈಗ ಬ್ರಷ್ಷನ್ನು ದಾರದ ಹತ್ತಿರ ತಂದಾಗ ಅದರೊಳಗೆ ಗುರುತಿಸಿದ ಭಾಗದ ಮುನ್ನೋಟ ಕಾಣುತ್ತದೆ. ದಾರದ ಎರಡೂ ಬದಿ ಉಳಿದಿರುವ ಅಂಚಿಗೆ ಆ ಮುನ್ನೋಟದ ಅಂಚನ್ನು ಕೂಡಿಸಿ, ಆಮೇಲೆ ಒತ್ತಿ, ಒಂದೇ ಎಳೆತದಲ್ಲಿ ದಾರವನ್ನು ದಾಟಿ. ಮಧ್ಯೆ ಕೈ ಎತ್ತಬೇಡಿ.

ಕಾಲರಿನಲ್ಲಿ ಅಂಚಿಗಿಂತ ಹೆಚ್ಚು ಕೈಕೊಡುವುದು ಹೊಲಿಗೆ. ಹಲವು ಅಂಗಿಗಳಲ್ಲಿ ಅಂಚಿನಿಂದ ಅರ್ಧ ಸೆಂಟಿಮೀಟರ್ ಒಳಗೆ, ಇಲ್ಲಿ ಸುಮಾರು 35 ಪಿಕ್ಸೆಲ್ ಒಳಗೆ, ಅಂಚಿಗೆ ಸಮಾನಾಂತರವಾಗಿ ಒಂದು ಹೊಲಿಗೆ ಗೆರೆ ಓಡುತ್ತದೆ. ಅಂಚು ಸರಿಯಾಗಿ ಕೂತು ಹೊಲಿಗೆ ಎರಡು ಪಿಕ್ಸೆಲ್ ಜಾರಿದರೂ ಕಣ್ಣು ಅಲ್ಲಿಗೇ ಹೋಗುತ್ತದೆ. ಅಂಚು ಮತ್ತು ಹೊಲಿಗೆ ಎರಡೂ ಒಂದೇ ಬ್ರಷ್ಷಿನೊಳಗೆ ಬರುವಂತೆ ಅಗಲ ಇಟ್ಟುಕೊಂಡರೆ ಅವುಗಳ ನಡುವಿನ ಅಂತರ ತಾನಾಗಿ ಉಳಿಯುತ್ತದೆ. ಅದಕ್ಕೇ ಅಂಚಿನ ಮೇಲೆ ಕೇಂದ್ರವಿಟ್ಟಾಗ 60 ಪಿಕ್ಸೆಲ್ ಸಾಲದೆ ಹೋದರೆ 90ಕ್ಕೆ ಏರಿಸಿ. ಕಾಲರು ಬಾಗಿದ್ದು ಮುನ್ನೋಟದ ಅಂಚು ಕೋನದಲ್ಲಿ ಹೊಂದದಿದ್ದರೆ Window ಪಟ್ಟಿಯಿಂದ Clone Source ತೆರೆದು ಕೋನವನ್ನು ಎರಡು ಮೂರು ಡಿಗ್ರಿ ತಿರುಗಿಸಿ ನೋಡಿ. ಕೆಲಸ ಮುಗಿದ ಕೂಡಲೆ ಅದನ್ನು ಸೊನ್ನೆಗೆ ತರಲು ಮರೆಯಬೇಡಿ. ಮರೆತರೆ ಮುಂದಿನ ಕ್ಲೋನೆಲ್ಲ ಓರೆಯಾಗಿ ಬಂದು, ಯಾಕೆ ಎಂದು ತಿಳಿಯುವಷ್ಟರಲ್ಲಿ ಅರ್ಧ ಗಂಟೆ ಹೋಗಿರುತ್ತದೆ.

ಲ್ಯಾಪೆಲ್ಲಿನ ಅಂಚಿಗೂ ಇದೇ ರೀತಿ. ಕೋಟಿನ ಅಂಚು ದಪ್ಪ. ಅದರ ಪಕ್ಕದಲ್ಲಿ ಅಂಗಿಯ ಮೇಲೆ ತೆಳು ನೆರಳು ಬಿದ್ದಿರುತ್ತದೆ. ಆ ನೆರಳು ಕೋಟಿನದು, ದಾರದ್ದಲ್ಲ, ಉಳಿಯಬೇಕು. ಆದ್ದರಿಂದ ಮೂಲ ಗುರುತಿಸುವಾಗ ಅಂಚನ್ನೂ ಅದರ ನೆರಳನ್ನೂ ಒಟ್ಟಿಗೆ ಎತ್ತಬೇಕು. ಅಂಚಿನ ಚೂಪು ಎಷ್ಟು ಎಂದು ಶೇ. 200 ಹಿಗ್ಗಿಸಿ ನೋಡಿ: ಅಂಗಿಯಿಂದ ಕೋಟಿಗೆ ಬಣ್ಣ ಬದಲಾಗಲು ಎರಡು ಮೂರು ಪಿಕ್ಸೆಲ್ ತೆಗೆದುಕೊಂಡಿದ್ದರೆ ಹೊಸ ಅಂಚಿನಲ್ಲೂ ಅಷ್ಟೇ ಇರಬೇಕು. ಮುಖಕ್ಕೆ ಫೋಕಸ್ ಕಟ್ಟಿದ ಫೋಟೋಗಳಲ್ಲಿ ಎದೆಯ ಕೆಳಭಾಗ ಸ್ವಲ್ಪ ಮೆತ್ತಗಿರುತ್ತದೆ. ಕಾಲರಿನ ಚೂಪು ತುಂಡನ್ನು ಕೆಳಗೆ ತಂದು ಅಂಟಿಸಿದರೆ ಅದೊಂದೇ ಎದ್ದು ಕಾಣುತ್ತದೆ.

ಅಂಚುಗಳು ಮುಗಿದಾಗ ದಾರ ತುಂಡು ತುಂಡಾಗಿರುತ್ತದೆ, ಪ್ರತಿ ತುಂಡೂ ಒಂದೇ ವಸ್ತುವಿನ ಮೇಲೆ ಕೂತಿರುತ್ತದೆ. ಇಲ್ಲಿಂದ ಮುಂದೆ ಸುಲಭ. ಅಂಗಿಯ ಮೇಲಿನ ತುಂಡಿಗೆ ಲ್ಯಾಸೋ ಹಿಡಿದು ಸುತ್ತ ಗೆರೆ ಹಾಕಿ; ಅಂಗಿಯ ಬದಿಯಲ್ಲಿ ಸಡಿಲವಾಗಿ, ಕಾಲರು ಮತ್ತು ಲ್ಯಾಪೆಲ್ಲಿನ ಬದಿಯಲ್ಲಿ ಮಾತ್ರ ಅಂಚಿಗೆ ಸರಿಯಾಗಿ ಅಂಟಿಕೊಂಡು. ಹೀಲಿಂಗ್ ಬ್ರಷ್ ಸುತ್ತಲಿನ ಬಣ್ಣವನ್ನು ಈ ಆಯ್ಕೆಯ ಗೆರೆಯಾಚೆಯಿಂದ ಎಳೆದುಕೊಳ್ಳುವುದಿಲ್ಲ; ಕೋಟಿನ ಬೂದು ಹೊರಗೇ ನಿಲ್ಲುತ್ತದೆ. ಆಯ್ಕೆ ಮಾಡದೆ ಹೀಲ್ ಮಾಡುವುದಕ್ಕೂ ಮಾಡಿ ಹೀಲ್ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಒಮ್ಮೆ ಕಣ್ಣಾರೆ ನೋಡಿದವರು ಮತ್ತೆ ಬರಿಗೈಯಲ್ಲಿ ಅಂಚಿನ ಹತ್ತಿರ ಹೋಗುವುದಿಲ್ಲ.

ಹೀಲಿಂಗ್ ಬ್ರಷ್ಷಿನ Diffusion 1ರಿಂದ 7ರವರೆಗೆ ಇರುತ್ತದೆ. ನೇಯ್ಗೆ ಕಾಣುವ ಬಟ್ಟೆಗೆ 2 ಅಥವಾ 3, ನಯವಾದ ಚರ್ಮಕ್ಕೆ 5ರ ಸುತ್ತಮುತ್ತ. ಮೂಲವನ್ನು ದಾರದ ಪಕ್ಕದಲ್ಲೇ, ಅದೇ ಮಡಿಕೆಯ ದಿಕ್ಕಿನಲ್ಲಿ ಗುರುತಿಸಿ. ಬ್ರಷ್ 140ಕ್ಕಿಂತ ತುಸು ದೊಡ್ಡದಿದ್ದರೆ ದಾರ, ನೆರಳು ಎರಡೂ ಒಂದೇ ಎಳೆತದಲ್ಲಿ ಹೋಗುತ್ತವೆ. ಚಿಕ್ಕ ಬ್ರಷ್ಷಿನಲ್ಲಿ ದಾರದ ಎಡಭಾಗ, ಆಮೇಲೆ ಬಲಭಾಗ ಎಂದು ಹಂಚಿ ಮಾಡಿದರೆ ಮೊದಲ ಎಳೆತದ ಸುತ್ತ ಇನ್ನೂ ಕೆಂಪು ಇರುವುದರಿಂದ ಆಗ ಹೇಳಿದ ಗುಲಾಬಿ ಸೋರಿಕೆ ಖಂಡಿತ.

ಕೋಟಿನ ಮೇಲಿನ ಉದ್ದ ತುಂಡಿಗೆ Content-Aware Fill ಸಾಕು. ಬೂದು ಉಣ್ಣೆಯ ಬಟ್ಟೆ ಒಂದೇ ಸಮನಾಗಿರುತ್ತದೆ, ಅಂಚುಗಳ ಕೆಲಸ ಆಗಲೇ ಮುಗಿದಿದೆ. ಕತ್ತಿನ ಚರ್ಮದ ಮೇಲಿನ ಸಣ್ಣ ತುಂಡಿಗೆ ಮತ್ತೆ ಹೀಲಿಂಗ್; ಮೂಲವನ್ನು ಕತ್ತಿನಿಂದಲೇ ತೆಗೆದುಕೊಳ್ಳಿ. ಕೆನ್ನೆಯಿಂದ ತಂದರೆ ಚರ್ಮದ ರಂಧ್ರಗಳ ಗಾತ್ರ ಹೊಂದುವುದಿಲ್ಲ, ಗಡ್ಡ ಬೋಳಿಸಿದ ಕೆನ್ನೆಯಾದರೆ ಕತ್ತಿನ ಮೇಲೆ ಕೂದಲಿನ ಚುಕ್ಕಿಗಳು ಮೂಡುತ್ತವೆ.

ನೆರಳು, ಸುಕ್ಕು ಮತ್ತು ಉಳಿದ ಬಣ್ಣ

ದಾರ ಹೋದರೂ ಅದರ ಭಾರ ಬಟ್ಟೆಯಲ್ಲಿ ಉಳಿದಿರುತ್ತದೆ. ಕಾಲರು ಒಂದು ಕಡೆ ಅದುಮಿಕೊಂಡಿರುತ್ತದೆ, ಅಂಗಿಯಲ್ಲಿ ದಾರಕ್ಕೆ ಸಮಾನಾಂತರವಾಗಿ ಒಂದೆರಡು ಸುಕ್ಕುಗಳಿರುತ್ತವೆ. ಎಲ್ಲವನ್ನೂ ನೆಟ್ಟಗೆ ಮಾಡಲು ಹೋಗಬೇಡಿ. ಅಂಗಿಯಲ್ಲಿ ಸುಕ್ಕು ಇರುವುದು ಸಹಜ. ದಾರ ಇದ್ದ ಜಾಗಕ್ಕೆ ಸರಿಯಾಗಿ ಬಂದು ಅಲ್ಲೇ ಕಡಿದುಹೋದ ಸುಕ್ಕನ್ನು ಮಾತ್ರ ಮುಂದುವರಿಸಬೇಕು, ಇಲ್ಲವೇ ತೆಳುವಾಗಿ ಮುಗಿಸಬೇಕು.

ಹೊಳೆಯುವ ದಾರವಾಗಿದ್ದರೆ ಅದರ ಬಣ್ಣ ಅಕ್ಕಪಕ್ಕದ ತಿಳಿ ಬಟ್ಟೆಗೂ ಪ್ರತಿಫಲಿಸಿರುತ್ತದೆ. ನಮ್ಮ ತಿಳಿನೀಲಿ ಅಂಗಿಯ ಮೇಲೆ ದಾರದ ಎಡಕ್ಕೆ 20 ಪಿಕ್ಸೆಲಿನಷ್ಟು ಜಾಗ ತುಸು ನೇರಳೆಗೆ ತಿರುಗಿದೆ ಎನ್ನಿ. ಹತ್ತಿರದಿಂದ ಗೊತ್ತಾಗುವುದಿಲ್ಲ, ಚಿತ್ರ ಚಿಕ್ಕದಾದಾಗ ಕೊಳೆಯಾಗಿ ಕಾಣುತ್ತದೆ. ಬಣ್ಣ ಎಂದು ಹೆಸರಿಟ್ಟ ಲೇಯರಿನ ಬ್ಲೆಂಡ್ ಮೋಡನ್ನು Color ಮಾಡಿ, ಪಕ್ಕದ ಶುದ್ಧ ನೀಲಿಯನ್ನು ಐಡ್ರಾಪರಿನಿಂದ ಎತ್ತಿ, ಪೂರ್ತಿ ಮೆತ್ತಗಿನ ಬ್ರಷ್ಷಿನಲ್ಲಿ ಶೇ. 15–20ರ ಒಪಾಸಿಟಿ ಇಟ್ಟು ಎರಡು ಸಲ ಸವರಿ. ಇಲ್ಲಿ ಮೆತ್ತಗಿನ ಬ್ರಷ್ ಬಳಸಿದರೆ ತಪ್ಪಿಲ್ಲ: Color ಮೋಡ್ ಬೆಳಕನ್ನು ಮುಟ್ಟುವುದಿಲ್ಲ, ನೇಯ್ಗೆ ಕಾಣುವುದೇ ಬೆಳಕಿನ ಏರಿಳಿತದಿಂದ.

ಬಣ್ಣ ಸರಿಯಿದ್ದು ಕಪ್ಪು ಮಾತ್ರ ಉಳಿದಿದ್ದರೆ ಒಂದು Curves ಲೇಯರ್ ಹಾಕಿ, ಪಟ್ಟಿ ಮಾಯವಾಗುವಷ್ಟು ಬೆಳಕು ಏರಿಸಿ, ಮಾಸ್ಕನ್ನು ಕಪ್ಪು ಮಾಡಿಕೊಂಡು ಪಟ್ಟಿಯ ಮೇಲೆ ಮಾತ್ರ ಬಿಳಿಯಿಂದ ತೆರೆಯಿರಿ. ಎಷ್ಟು ಏರಿಸಬೇಕು ಎಂಬುದನ್ನು ಕಣ್ಣಿಗಿಂತ ಅಂಕಿ ಚೆನ್ನಾಗಿ ಹೇಳುತ್ತದೆ. ಐಡ್ರಾಪರಿನ Sample Size ಅನ್ನು 11 by 11 Average ಮಾಡಿ, Info ಕಿಟಕಿ ತೆರೆದು, ದಾರವಿದ್ದ ಜಾಗದ ಎಡ, ನಡು, ಬಲ ಮೂರೂ ಕಡೆ ಓದಿ. ಎಡಕ್ಕೆ ಹಸಿರು ಅಂಕಿ 192, ಬಲಕ್ಕೆ 184 ಇದ್ದರೆ ನಡುವೆ 188ರ ಆಸುಪಾಸು ಇರಬೇಕು. 186 ಬಂದರೆ ಸುಕ್ಕಿನಲ್ಲಿ ಕರಗಿಹೋಗುತ್ತದೆ. 176 ಬಂದರೆ ದಾರ ಇನ್ನೂ ಅಲ್ಲೇ ಇದೆ ಎಂದೇ ಅರ್ಥ, ಕೆಂಪು ಕಾಣುತ್ತಿಲ್ಲ ಅಷ್ಟೆ.

ಗೆರೆ ಅಂಗಿ, ಟೈ, ಮೈಕಿನ ಕ್ಲಿಪ್ಪು

ಗೆರೆ ಅಥವಾ ಚೌಕುಳಿ ಬಟ್ಟೆಯಲ್ಲಿ ಹೀಲಿಂಗನ್ನು ಮರೆತುಬಿಡಿ. ಬಿಳಿ ಗೆರೆಯೂ ಒಂದು ಅಂಚೇ; ಪ್ರತಿ ಗೆರೆಯ ಬಳಿಯೂ ಬಣ್ಣ ಸೋರುತ್ತದೆ. ಇಲ್ಲಿ ತೇಪೆ ಒಳ್ಳೆಯದು: ದಾರಕ್ಕಿಂತ ತುಸು ದೊಡ್ಡ ತುಂಡನ್ನು ಅಂಗಿಯಿಂದಲೇ ಗುರುತಿಸಿ Ctrl+J ಒತ್ತಿ ಹೊಸ ಲೇಯರಿಗೆ ಎತ್ತಿ, ಜಾಗಕ್ಕೆ ಸರಿಸಿ, Edit ಪಟ್ಟಿಯ Transform ಒಳಗಿನ Warp ಬಳಸಿ ಗೆರೆಗೆ ಗೆರೆ ಕೂಡಿಸಿ. ಲೇಯರಿನ ಒಪಾಸಿಟಿಯನ್ನು ತಾತ್ಕಾಲಿಕವಾಗಿ ಶೇ. 50 ಮಾಡಿಕೊಂಡರೆ ಕೆಳಗಿನ ಗೆರೆ ಕಾಣುತ್ತಾ ಇರುತ್ತದೆ, ಕೂಡಿಸುವುದು ಸಲೀಸು. ತುಂಡನ್ನು ಗೆರೆಯ ಉದ್ದಕ್ಕೂ ಮೇಲಿನಿಂದಲೋ ಕೆಳಗಿನಿಂದಲೋ ತರಬೇಕು, ಪಕ್ಕದಿಂದಲ್ಲ. ಉದ್ದಕ್ಕೂ ಸರಿಸಿದರೆ ಗೆರೆಗಳ ಅಂತರ ಕೆಡುವುದಿಲ್ಲ. ಆಮೇಲೆ ಮಾಸ್ಕು ಹಾಕಿ, ತೇಪೆಯ ಅಂಚನ್ನು ಆದಷ್ಟು ಎರಡು ಗೆರೆಗಳ ನಡುವಿನ ಖಾಲಿ ಬಟ್ಟೆಯಲ್ಲಿ ಮುಗಿಸಿ.

ಕಾಲರ್ ಮೈಕಿಗೂ ಈ ತೇಪೆಯೇ ನಮ್ಮ ಆಯ್ಕೆ. ಕ್ಲಿಪ್ಪು ಚಿಕ್ಕದು, ಆದರೆ ಅದು ಕೂರುವುದೇ ಲ್ಯಾಪೆಲ್ಲಿನ ಅಂಚು, ಟೈ ಅಥವಾ ಗುಂಡಿಪಟ್ಟಿಯ ಮೇಲೆ, ಅಂದರೆ ಸದಾ ಅಂಚಿನ ಮೇಲೆಯೇ. ಜೊತೆಗೆ ಅದು ಬಟ್ಟೆಯನ್ನು ಹಿಡಿದು ಹಿಸುಕಿರುತ್ತದೆ. ಕ್ಲಿಪ್ಪಿನ ಮೇಲೆ ಕೆಳಗೆ ಲ್ಯಾಪೆಲ್ಲಿನ ಅಂಚು ತುಸು ಒಳಕ್ಕೆ ಬಾಗಿರುತ್ತದೆ. ಕ್ಲಿಪ್ಪನ್ನು ಮಾತ್ರ ಅಳಿಸಿದರೆ ಕಚ್ಚಿದ ಹಾಗೆ ಒಂದು ತಗ್ಗು ಉಳಿಯುತ್ತದೆ. ಹಾಗಾಗಿ ಬಾಗು ಶುರುವಾಗುವುದಕ್ಕಿಂತ ಮೇಲಿನಿಂದ, ಬಾಗು ಮುಗಿಯುವುದಕ್ಕಿಂತ ಕೆಳಗಿನವರೆಗೆ, ಕ್ಲಿಪ್ಪಿನ ಎರಡು ಮೂರು ಪಟ್ಟು ಉದ್ದದ ತೇಪೆ ಬೇಕು. ವೈರು ಕೋಟಿನ ಹಿಂದೆ ಹೋಗುವವರೆಗೂ ಕಣ್ಣಿಟ್ಟು ಹಿಂಬಾಲಿಸಿ. ಕಪ್ಪು ಕೋಟಿನ ಮೇಲೆ ಕಪ್ಪು ವೈರು ಕಾಣದೆ, ಕೊನೆಗೆ ಎರಡು ಸೆಂಟಿಮೀಟರಿನ ಬಾಲ ಉಳಿದಿರುವುದು ಅಚ್ಚಾದ ಮೇಲೆ ಗೊತ್ತಾಗುತ್ತದೆ. ಚಿತ್ರವನ್ನು ತಾತ್ಕಾಲಿಕವಾಗಿ ತುಂಬ ಬೆಳ್ಳಗೆ ಮಾಡಿ ನೋಡಿದರೆ ಅದು ಸಿಕ್ಕಿಬೀಳುತ್ತದೆ.

ದಾರದ ಮೇಲೆ ಕೂದಲು ಬಿದ್ದಿದ್ದರೆ

ಉದ್ದ ಕೂದಲು ಭುಜದ ಮೇಲೆ ಇಳಿದು ದಾರವನ್ನು ಅರ್ಧ ಮುಚ್ಚಿದ್ದರೆ ದಾರವನ್ನು ತೆಗೆಯಲು ಹೋಗಬೇಡಿ. ಎಳೆಗಳ ನಡುವಿನ ಸಂದಿಗಳಲ್ಲಿ ಕ್ಲೋನ್ ಮಾಡಿದರೆ ಕೂದಲು ಕತ್ತರಿಸಿದಂತಾಗುತ್ತದೆ, ಹೀಲ್ ಮಾಡಿದರೆ ಕೂದಲೇ ಮಸುಕಾಗುತ್ತದೆ. ಅಲ್ಲಿ ದಾರದ ಬಣ್ಣ ಬದಲಿಸುವುದು ಜಾಣತನ. Hue/Saturation ಲೇಯರಿನಲ್ಲಿ Reds ಮಾತ್ರ ಆರಿಸಿಕೊಂಡು ಸ್ಯಾಚುರೇಷನ್ ಇಳಿಸಿ, Lightness ಅನ್ನು ಅಂಗಿಯ ಮಟ್ಟಕ್ಕೆ ತನ್ನಿ. ಮಾಸ್ಕಿನಲ್ಲಿ ಆ ಸಂದಿಗಳಷ್ಟನ್ನೇ ತೆರೆಯಿರಿ. ಮುಖ, ತುಟಿಗಳಲ್ಲೂ ಕೆಂಪಿರುವುದರಿಂದ ಮಾಸ್ಕಿಲ್ಲದೆ ಬಿಟ್ಟರೆ ಅವೂ ಬಿಳಿಚಿಕೊಳ್ಳುತ್ತವೆ. ಕಪ್ಪು ಕೂದಲಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ, ಕೆಂಚು ಕೂದಲಾದರೆ ಮಾಸ್ಕನ್ನು ಎಳೆಎಳೆಯಾಗಿ ಬಿಡಿಸಬೇಕಾಗುತ್ತದೆ. ಕೂದಲು ಮುಗಿದು ದಾರ ಬಯಲಿಗೆ ಬಂದ ಕಡೆಯಿಂದ ಎಂದಿನಂತೆ ಅಳಿಸಿ.

ಉಳಿದ ಮಸುಕನ್ನು ಹಿಡಿಯುವುದು

ಹತ್ತಿರದಿಂದ ನೋಡಿದಷ್ಟೂ ದೊಡ್ಡ ಮಸುಕು ಕಾಣುವುದಿಲ್ಲ. ಎಲ್ಲ ಲೇಯರುಗಳ ಮೇಲೆ ಒಂದು Black & White, ಅದರ ಮೇಲೆ ಒಂದು Curves ಲೇಯರ್ ಹಾಕಿ, ಅಂಗಿಯ ಬೆಳಕಿರುವ ಭಾಗದಲ್ಲಿ ಗೆರೆಯನ್ನು ಕಡಿದಾಗಿ ನಿಲ್ಲಿಸಿ. ಕಣ್ಣಿಗೆ ತಪ್ಪಿಸಿಕೊಂಡ ಹತ್ತು ಅಂಕಿಯ ವ್ಯತ್ಯಾಸ ಈಗ ಕಪ್ಪು ಪಟ್ಟಿಯಾಗಿ ಎದ್ದು ನಿಲ್ಲುತ್ತದೆ. ಅಂಗಿಗೆ ಒಮ್ಮೆ, ಕೋಟಿಗೆ ಒಮ್ಮೆ ಗೆರೆಯ ಜಾಗ ಬದಲಿಸಿ ನೋಡಿ, ಆಮೇಲೆ ಎರಡೂ ಲೇಯರನ್ನು ಅಳಿಸಿಬಿಡಿ.

ಯಾವ ತಪ್ಪಿಗೆ ಎಷ್ಟು ಹೊತ್ತು ಕೊಡಬೇಕು ಎಂಬುದು ಚಿತ್ರ ಎಲ್ಲಿ ಬಳಕೆಯಾಗುತ್ತದೆ ಎನ್ನುವುದರ ಮೇಲಿದೆ. 4000 ಪಿಕ್ಸೆಲಿನ ಅಗಲವನ್ನು 800ಕ್ಕೆ ಇಳಿಸಿದಾಗ ಐದು ಪಿಕ್ಸೆಲ್ ಒಂದಾಗುತ್ತದೆ. ಎರಡು ಪಿಕ್ಸೆಲ್ ಮೆತ್ತಗಾದ ಅಂಚು, ಸವೆದ ನೇಯ್ಗೆ ಎಲ್ಲ ಅಲ್ಲೇ ಕರಗುತ್ತವೆ. 140 ಪಿಕ್ಸೆಲಿನ ಕಪ್ಪು ಪಟ್ಟಿ ಮಾತ್ರ 28 ಪಿಕ್ಸೆಲಿನ ಕಪ್ಪು ಪಟ್ಟಿಯಾಗಿ ಹಾಗೇ ಉಳಿಯುತ್ತದೆ, ಹೊಸ ಅಳತೆಯಲ್ಲಿ ಇನ್ನೂ ಸ್ಪಷ್ಟವಾಗಿ. ಬರೀ ಪರದೆಗೆ ಹೋಗುವ ಚಿತ್ರವಾದರೆ ನೇಯ್ಗೆಯ ಹಿಂದೆ ಬೀಳದೆ ನೆರಳು ಮತ್ತು ಬಣ್ಣಕ್ಕೆ ಹೊತ್ತು ಕೊಡಿ. ದೊಡ್ಡದಾಗಿ ಅಚ್ಚು ಹಾಕುವುದಾದರೆ ಹೊಲಿಗೆ, ಅಂಚು, ನೇಯ್ಗೆ ಮೂರಕ್ಕೂ ಲೆಕ್ಕ ಕೊಡಬೇಕಾಗುತ್ತದೆ. ಎರಡರಲ್ಲೂ ಕೆಲಸ ಪೂರ್ತಿ ಅಳತೆಯಲ್ಲೇ ನಡೆಯಲಿ. ಮೊದಲೇ 800ಕ್ಕೆ ಇಳಿಸಿಕೊಂಡರೆ ದಾರ 21 ಪಿಕ್ಸೆಲಿಗೆ ಕುಗ್ಗಿ, ಕಾಲರಿನ ಹೊಲಿಗೆ ಒಂದು ಪಿಕ್ಸೆಲಿನ ಗೆರೆಯಾಗಿ, ಕೂಡಿಸಲು ಹಿಡಿತವೇ ಸಿಗುವುದಿಲ್ಲ.